ಜಾಯಿಂಟಿನಿಂದ ಜಾಯಿಂಟಿಗೆ: ಟ್ರಸ್ ಲೆಕ್ಕದಲ್ಲಿ ಚಿಹ್ನೆ ಕೈತಪ್ಪದ ಹಾಗೆ

ಒಂದೇ ಒಂದು ಟ್ರಸ್ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಬಿಡಿಸೋಣ. ಕಾಗದ ಇದ್ದರೆ ಜೊತೆಯಲ್ಲೇ ಚಿತ್ರ ಬರೆದುಕೊಳ್ಳಿ. ಕೆಳಗಿನ ಸಾಲಿನಲ್ಲಿ ಎಡದಿಂದ ಬಲಕ್ಕೆ A, B, C, D ಎಂದು ನಾಲ್ಕು ಜಾಯಿಂಟುಗಳು. ಒಂದರಿಂದ ಇನ್ನೊಂದಕ್ಕೆ 4 ಮೀಟರ್, ಒಟ್ಟು 12 ಮೀಟರ್. B ಜಾಯಿಂಟಿನ ನೇರ ಮೇಲೆ 3 ಮೀಟರ್ ಎತ್ತರದಲ್ಲಿ E, C ಜಾಯಿಂಟಿನ ನೇರ ಮೇಲೆ ಅಷ್ಟೇ ಎತ್ತರದಲ್ಲಿ F. ಕೆಳಗೆ AB, BC, CD ಮೆಂಬರುಗಳು, ಮೇಲೆ EF, ಎರಡು ತುದಿಗಳಲ್ಲಿ ಓರೆಯಾಗಿ AE ಮತ್ತು FD, ನಿಂತಿರುವವು BE ಮತ್ತು CF, ನಡುವಿನ ಚೌಕದಲ್ಲಿ B ಯಿಂದ F ಗೆ ಒಂದು ಕರ್ಣ. A ಯಲ್ಲಿ ಪಿನ್ ಆಧಾರ, D ಯಲ್ಲಿ ರೋಲರ್. B ಯಲ್ಲಿ 18 ಕಿಲೋನ್ಯೂಟನ್, C ಯಲ್ಲಿ 36 ಕಿಲೋನ್ಯೂಟನ್ ಭಾರ, ಎರಡೂ ಕೆಳಮುಖ.

ಮೆಂಬರುಗಳು ಒಂಬತ್ತು, ಆಧಾರದ ಪ್ರತಿಕ್ರಿಯೆಗಳು ಮೂರು. ಗೊತ್ತಿಲ್ಲದ ಬಲಗಳು ಹನ್ನೆರಡು. ಜಾಯಿಂಟುಗಳು ಆರು, ಒಂದೊಂದಕ್ಕೆ ಎರಡು ಸಮೀಕರಣ, ಅಂದರೆ ಸಮೀಕರಣಗಳೂ ಹನ್ನೆರಡು. ಈ ಎಣಿಕೆಯನ್ನು ಅಸೈನ್‌ಮೆಂಟಿನ ಮೊದಲ ಸಾಲಿನಲ್ಲೇ ಬರೆದುಬಿಡಿ. ಎಣಿಕೆ ಹೊಂದಿತು ಎಂದ ಮಾತ್ರಕ್ಕೆ ಟ್ರಸ್ ಗಟ್ಟಿ ಎಂದೇನಲ್ಲ. ಮೆಂಬರುಗಳು ಇರಬೇಕಾದ ಜಾಗದಲ್ಲೂ ಇರಬೇಕು. ಆ ವಿಷಯ B ಜಾಯಿಂಟಿಗೆ ಬಂದಾಗ ಮತ್ತೆ ಬರುತ್ತದೆ.

ಮೊದಲು ಪ್ರತಿಕ್ರಿಯೆಗಳು. ಇಡೀ ಟ್ರಸ್ಸನ್ನು ಒಂದೇ ವಸ್ತು ಎಂದು ಹಿಡಿದು A ಯ ಸುತ್ತ ಮೊಮೆಂಟ್ ತೆಗೆಯಿರಿ.

Dy × 12 = 18 × 4 + 36 × 8 = 360, ಆದ್ದರಿಂದ Dy = 30

Ay = 54 − 30 = 24

ಅಡ್ಡ ಭಾರ ಯಾವುದೂ ಇಲ್ಲ, ಹಾಗಾಗಿ Ax = 0. ಈ ಸೊನ್ನೆಯನ್ನೂ ಬರೆಯಿರಿ. ಓರೆ ಭಾರವಿರುವ ಲೆಕ್ಕ ಬಂದ ದಿನ Ax ಬಿಟ್ಟುಹೋಗುವುದು ಈ ಸಾಲನ್ನು ಬರೆಯುವ ಅಭ್ಯಾಸ ಇಲ್ಲದವರಿಗೇ.

ಇನ್ನು ಜಾಯಿಂಟುಗಳಿಗೆ ಇಳಿಯುವ ಮುನ್ನ ಒಂದು ನಿಯಮ ಗಟ್ಟಿ ಮಾಡಿಕೊಳ್ಳಬೇಕು. ಈ ವಿಧಾನದಲ್ಲಿ ಲೆಕ್ಕ ಕೆಡುವುದು ಹೆಚ್ಚಾಗಿ ಬೀಜಗಣಿತದಿಂದಲ್ಲ, ಬಾಣದ ಗುರುತಿನಿಂದ. ನಿಯಮ ಇಷ್ಟೇ: ಗೊತ್ತಿರಲಿ, ಗೊತ್ತಿಲ್ಲದಿರಲಿ, ಪ್ರತಿಯೊಂದು ಮೆಂಬರಿನ ಬಲವನ್ನೂ ಜಾಯಿಂಟಿನಿಂದ ಹೊರಕ್ಕೆ ಹೋಗುವ ಬಾಣವಾಗಿಯೇ ಬರೆಯಿರಿ. ಹೊರಕ್ಕೆ ಹೋಗುವ ಬಾಣ ಎಂದರೆ ಮೆಂಬರು ಜಾಯಿಂಟನ್ನು ಹಗ್ಗದ ಹಾಗೆ ತನ್ನ ಕಡೆಗೆ ಎಳೆಯುತ್ತಿದೆ ಎಂದರ್ಥ, ಅಂದರೆ ಎಳೆತ. ಉತ್ತರ ಧನವಾಗಿ ಬಂದರೆ ಎಳೆತ, ಋಣವಾಗಿ ಬಂದರೆ ಒತ್ತು. ಋಣ ಬಂದಾಗ ಬಾಣ ತಿರುಗಿಸಬೇಡಿ. ಅದೇ ಮೆಂಬರಿನ ಇನ್ನೊಂದು ತುದಿಗೆ ಹೋದಾಗಲೂ ಬಾಣ ಆ ಜಾಯಿಂಟಿನಿಂದ ಹೊರಕ್ಕೇ ಇರಲಿ, ಸಂಖ್ಯೆಯನ್ನು ಮಾತ್ರ ಅದರ ಋಣಚಿಹ್ನೆಯ ಸಮೇತ ಹಾಕಿ. ದಿಕ್ಕಿನ ಸುದ್ದಿಯನ್ನು ಬಾಣವಾದರೂ ಹೇಳಲಿ, ಚಿಹ್ನೆಯಾದರೂ ಹೇಳಲಿ. ಇಬ್ಬರೂ ಹೇಳಲು ಹೊರಟರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಳಿಸುತ್ತಾರೆ.

ಇಲ್ಲಿ ಒಂದು ಗೊಂದಲವನ್ನೂ ಬಿಡಿಸಿಬಿಡೋಣ. ಕೆಲವರು ಮೆಂಬರಿನ ಮೇಲೆ ಬಾಣ ಬರೆಯುತ್ತಾರೆ, ಕೆಲವರು ಜಾಯಿಂಟಿನ ಮೇಲೆ. ಎಳೆತದಲ್ಲಿರುವ ಮೆಂಬರಿನ ತುದಿಯನ್ನು ಜಾಯಿಂಟು ಮೆಂಬರಿನಿಂದ ಹೊರಕ್ಕೆ ಎಳೆಯುತ್ತದೆ, ಮೆಂಬರು ಜಾಯಿಂಟನ್ನು ತನ್ನ ಕಡೆಗೆ ಎಳೆಯುತ್ತದೆ. ಎರಡೂ ವಿರುದ್ಧ ದಿಕ್ಕು. ನಾವು ಸಮತೋಲ ಬರೆಯುತ್ತಿರುವುದು ಜಾಯಿಂಟಿಗೆ. ಹಾಗಾಗಿ ಪ್ರತಿ ಹಂತದಲ್ಲೂ ಜಾಯಿಂಟನ್ನು ಒಂದು ಚುಕ್ಕಿಯಾಗಿ ಪ್ರತ್ಯೇಕ ಬರೆದು, ಅದರ ಮೇಲೆ ಬರುವ ಬಲಗಳನ್ನು ಮಾತ್ರ ತೋರಿಸಿ. ಇಡೀ ಟ್ರಸ್ಸಿನ ಚಿತ್ರದ ಮೇಲೆಯೇ ಬಾಣ ಬರೆದು ಲೆಕ್ಕ ಮಾಡಿದರೆ ಯಾವ ಬಾಣ ಯಾರದು ಎಂದು ಮೂರನೆಯ ಜಾಯಿಂಟಿನ ಹೊತ್ತಿಗೆ ತಿಳಿಯದಾಗುತ್ತದೆ.

ಯಾವ ಜಾಯಿಂಟಿನಿಂದ ಶುರು ಮಾಡಬೇಕು? ಒಂದು ಜಾಯಿಂಟಿಗೆ ಸೇರುವ ಬಲಗಳೆಲ್ಲ ಒಂದೇ ಬಿಂದುವಿನ ಮೂಲಕ ಹಾಯುತ್ತವೆ, ಆದ್ದರಿಂದ ಅಲ್ಲಿ ಮೊಮೆಂಟ್ ಸಮೀಕರಣದಿಂದ ಹೊಸದೇನೂ ಸಿಗುವುದಿಲ್ಲ. ಉಳಿಯುವುದು ಅಡ್ಡ ದಿಕ್ಕಿನದೊಂದು, ಲಂಬ ದಿಕ್ಕಿನದೊಂದು. ಹಾಗಾಗಿ ಗೊತ್ತಿಲ್ಲದ ಬಲಗಳು ಎರಡಕ್ಕಿಂತ ಹೆಚ್ಚಿಲ್ಲದ ಜಾಯಿಂಟನ್ನೇ ಹುಡುಕಬೇಕು. ನಮ್ಮ ಟ್ರಸ್ಸಿನಲ್ಲಿ A ಮತ್ತು D ಅಂಥವು. A ಯಿಂದ ಹೊರಡೋಣ.

A ಯಲ್ಲಿ ಮೇಲಕ್ಕೆ 24, ಬಲಕ್ಕೆ AB, ಓರೆಯಾಗಿ ಮೇಲಕ್ಕೆ AE. AE ಯ ಉದ್ದ 5 ಮೀಟರ್, ಏಕೆಂದರೆ ಅಡ್ಡ 4, ಎತ್ತರ 3. ಅದರ ಲಂಬ ಅಂಶ 3/5, ಅಡ್ಡ ಅಂಶ 4/5. ಕೋನ ಕಂಡುಹಿಡಿದು ಸೈನ್, ಕೊಸೈನ್ ಹಾಕುವ ಅಗತ್ಯವೇ ಇಲ್ಲ. ಕೋನ ಸುಮಾರು 36.87 ಡಿಗ್ರಿ, ಅದನ್ನು 37 ಎಂದು ದುಂಡಾಗಿಸಿದರೆ AE 40ರ ಬದಲು 39.88 ಬರುತ್ತದೆ, ಆ ಚೂರು ವ್ಯತ್ಯಾಸ ಮುಂದಿನ ಪ್ರತಿ ಜಾಯಿಂಟಿಗೂ ಜೊತೆಯಲ್ಲೇ ಬರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಕೋನವನ್ನು ಲಂಬದಿಂದ ಅಳೆದು, ಅಡ್ಡದಿಂದ ಅಳೆದಂತೆ ಬಳಸುವುದು. ಉದ್ದಗಳ ಅನುಪಾತದಲ್ಲಿ ಆ ತಪ್ಪಿಗೆ ಜಾಗವೇ ಇಲ್ಲ: ಲಂಬ ಅಂಶ ಬೇಕಾದರೆ ಲಂಬ ಅಂತರವನ್ನು ಉದ್ದದಿಂದ ಭಾಗಿಸಿ, ಅಷ್ಟೇ.

ಲಂಬ: 24 + (3/5) AE = 0, ಆದ್ದರಿಂದ AE = −40

ಅಡ್ಡ: AB + (4/5)(−40) = 0, ಆದ್ದರಿಂದ AB = +32

AE ಒತ್ತಿನಲ್ಲಿದೆ, AB ಎಳೆತದಲ್ಲಿದೆ. ಮುಂದೆ ಎಲ್ಲಿಗೆ? ಕೆಳಗಿನ ಸಾಲಿನಲ್ಲೇ ಮುಂದುವರಿದು B ಗೆ ಹೋಗೋಣ ಎನಿಸುವುದು ಸಹಜ. ಆದರೆ B ಯಲ್ಲಿ BE, BF, BC ಮೂರೂ ಗೊತ್ತಿಲ್ಲ. E ಯಲ್ಲಿ EF ಮತ್ತು BE ಎರಡೇ. ಹಾಗಾಗಿ E.

E ಜಾಯಿಂಟನ್ನು ನಿಧಾನವಾಗಿ ನೋಡೋಣ, ಚಿಹ್ನೆ ಎಡವುವ ಜಾಗ ಇದೇ. ಬಾಣಗಳೆಲ್ಲ E ಯಿಂದ ಹೊರಕ್ಕೆ: EF ಬಲಕ್ಕೆ, BE ಕೆಳಕ್ಕೆ, AE ಎಡಕ್ಕೂ ಕೆಳಕ್ಕೂ ಓರೆಯಾಗಿ. ಬಲಕ್ಕೆ ಮತ್ತು ಮೇಲಕ್ಕೆ ಧನ ಎಂದುಕೊಂಡರೆ,

ಅಡ್ಡ: EF − (4/5) AE = 0, ಅಂದರೆ EF − (4/5)(−40) = 0, ಆದ್ದರಿಂದ EF = −32

ಲಂಬ: −BE − (3/5) AE = 0, ಅಂದರೆ −BE + 24 = 0, ಆದ್ದರಿಂದ BE = +24

ಮೊದಲು AE ಎಂಬ ಅಕ್ಷರವನ್ನೇ ಇಟ್ಟು ಸಮೀಕರಣ ಬರೆದೆ, ಆಮೇಲೆ −40 ಅನ್ನು ಆವರಣದೊಳಗೆ ಹಾಕಿದೆ. ಈ ಎರಡು ಹೆಜ್ಜೆಯನ್ನು ಒಂದು ಮಾಡಬೇಡಿ. ಒಂದು ಮಾಡಿದರೆ ಆಗುವುದೇನು ಗೊತ್ತೇ? AE ಒತ್ತಿನಲ್ಲಿದೆ ಎಂದು ನೆನಪಾಗಿ ಬಾಣವನ್ನು E ಯ ಒಳಕ್ಕೆ ತಿರುಗಿಸುತ್ತೀರಿ, ಸಂಖ್ಯೆ ಹಾಕುವಾಗ ಹಿಂದಿನ ಪುಟ ನೋಡಿ −40 ಎಂದೇ ಹಾಕುತ್ತೀರಿ. ಆಗ EF = +32, BE = −24 ಎಂದು ಬರುತ್ತದೆ. ಸಂಖ್ಯೆಗಳು ಸರಿ ಇರುವುದರಿಂದ ಅನುಮಾನವೂ ಬರುವುದಿಲ್ಲ. ಈ ತಪ್ಪು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಕೊನೆಯಲ್ಲಿ ತೋರಿಸುತ್ತೇನೆ. ಈಗ ಸರಿಯಾದ ಉತ್ತರದೊಂದಿಗೆ B ಗೆ ಹೋಗೋಣ.

B ಯಲ್ಲಿ AB ಎಡಕ್ಕೆ, BC ಬಲಕ್ಕೆ, BE ಮೇಲಕ್ಕೆ, BF ಬಲಕ್ಕೂ ಮೇಲಕ್ಕೂ ಓರೆಯಾಗಿ, 18 ಕಿಲೋನ್ಯೂಟನ್ ಕೆಳಕ್ಕೆ.

ಲಂಬ: 24 + (3/5) BF − 18 = 0, ಆದ್ದರಿಂದ BF = −10

ಅಡ್ಡ: BC + (4/5)(−10) − 32 = 0, ಆದ್ದರಿಂದ BC = +40

ಈ ಲಂಬ ಸಮೀಕರಣದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. BF ಎಂಬ ಕರ್ಣವೇ ಇಲ್ಲ ಎಂದುಕೊಳ್ಳಿ. E ಜಾಯಿಂಟು BE ಯಲ್ಲಿ 24 ಇರಬೇಕು ಎನ್ನುತ್ತದೆ. B ಜಾಯಿಂಟಿಗೆ ಬಂದರೆ ಮೇಲಕ್ಕೆ BE, ಕೆಳಕ್ಕೆ 18, ಅಷ್ಟೇ. ಅದು BE ಯಲ್ಲಿ 18 ಇರಬೇಕು ಎನ್ನುತ್ತದೆ. ಒಂದೇ ಮೆಂಬರಿಗೆ ಎರಡು ಬೆಲೆ. ನಡುವಿನ ಚೌಕ ಓರೆಯಾಗಿ ಕುಸಿಯುತ್ತದೆ ಎಂಬುದನ್ನು ಸಮೀಕರಣಗಳು ಹೇಳುವುದು ಹೀಗೆ. ಕೈಯಲ್ಲಿರುವ ಲೆಕ್ಕದಲ್ಲಿ ಇಂಥ ವಿರೋಧ ಬಂದರೆ ಅಂಕಗಣಿತದ ತಪ್ಪು ಹುಡುಕುವುದರ ಜೊತೆಗೆ, ಚಿತ್ರದಿಂದ ಒಂದು ಮೆಂಬರನ್ನು ನಕಲು ಮಾಡಲು ಮರೆತಿದ್ದೀರಾ ಎಂದೂ ನೋಡಿ. 24ಕ್ಕೂ 18ಕ್ಕೂ ನಡುವೆ ಇರುವ 6 ಕಿಲೋನ್ಯೂಟನ್ ಕರ್ಣದ ಪಾಲು. ಅದರ ಲಂಬ ಅಂಶ 6 ಆಗಬೇಕಾದರೆ ಅದರಲ್ಲಿ 10 ಇರಬೇಕು.

ಇದೇ ಕರ್ಣವನ್ನು ತಿರುಗಿಸಿ E ಯಿಂದ C ಗೆ ಹಾಕಿದರೆ? ಆಗ E ಯಲ್ಲಿ ಮೂರು ಗೊತ್ತಿಲ್ಲದ ಬಲಗಳು, B ಯಲ್ಲಿ ಎರಡೇ. A ಆದ ಮೇಲೆ B ಗೇ ಹೋಗಬೇಕಾಗುತ್ತದೆ. B ಯಿಂದ BE = 18, BC = 32 ಸಿಗುತ್ತವೆ; E ಯಿಂದ EC = +10, EF = −40. ಅದೇ 10, ಆದರೆ ಈಗ ಎಳೆತ. 5 ಮೀಟರ್ ಉದ್ದದ ತೆಳು ಮೆಂಬರು ಒತ್ತಿನಲ್ಲಿದ್ದರೆ ಬಾಗಿ ಪಕ್ಕಕ್ಕೆ ಸರಿಯುವ ಭಯವಿದೆ, ಎಳೆತದಲ್ಲಿ ಆ ಭಯವಿಲ್ಲ. 1840ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಹೋವ್ ಟ್ರಸ್ಸಿನಲ್ಲಿ ಕರ್ಣಗಳು ಒತ್ತಿನಲ್ಲಿ, ನಿಂತ ಮೆಂಬರುಗಳು ಎಳೆತದಲ್ಲಿ. ಒತ್ತು ತಡೆಯಲು ದಪ್ಪ ಮರದ ತೊಲೆ, ಎಳೆತಕ್ಕೆ ಕಬ್ಬಿಣದ ಸರಳು. 1844ರ ಪ್ರ್ಯಾಟ್ ಟ್ರಸ್ ಇದಕ್ಕೆ ತಿರುವು, ಅಲ್ಲಿ ಉದ್ದನೆಯ ಕರ್ಣಗಳು ಎಳೆತದಲ್ಲಿರುತ್ತವೆ. ಅಂದಹಾಗೆ, ಜಾಯಿಂಟುಗಳ ಸಮತೋಲದಿಂದ ಟ್ರಸ್ಸಿನ ಬಲಗಳನ್ನು ಕಂಡುಹಿಡಿಯುವ ಕ್ರಮವನ್ನು ಸ್ಕ್ವೈರ್ ವಿಪಲ್ ಪ್ರಕಟಿಸಿದ್ದು 1847ರಲ್ಲಿ.

ಆದರೆ ಕರ್ಣದ ದಿಕ್ಕು ನೋಡಿದ ಕೂಡಲೇ ಎಳೆತ, ಒತ್ತು ಎಂದು ಬರೆದುಬಿಡಬೇಡಿ. ನಮ್ಮ ಭಾರಗಳನ್ನೇ ಅದಲುಬದಲು ಮಾಡಿ, B ಯಲ್ಲಿ 36, C ಯಲ್ಲಿ 18. ಆಗ Ay = 30, BE = 30, B ಯ ಲಂಬ ಸಮೀಕರಣ 30 + (3/5) BF − 36 = 0. BF = +10. ಅದೇ ಮೆಂಬರು, ಅದೇ ಜಾಗ, ಈಗ ಎಳೆತ.

ಮೂಲ ಲೆಕ್ಕಕ್ಕೆ ಹಿಂತಿರುಗೋಣ. C ಜಾಯಿಂಟು ಸುಲಭ. ಅಡ್ಡದಲ್ಲಿ CD = BC = +40. ಲಂಬದಲ್ಲಿ CF = +36. ಸುಲಭವಾದರೂ ಇಲ್ಲೊಂದು ಅವಸರದ ತಪ್ಪು ನಡೆಯುತ್ತದೆ. ಮೂರು ಮೆಂಬರು ಸೇರುವ ಜಾಯಿಂಟಿನಲ್ಲಿ ಎರಡು ಒಂದೇ ಗೆರೆಯಲ್ಲಿದ್ದರೆ ಮೂರನೆಯದರಲ್ಲಿ ಬಲ ಸೊನ್ನೆ ಎಂಬ ನಿಯಮ ನಿಮಗೆ ಗೊತ್ತು. C ನೋಡಲು ಹಾಗೆಯೇ ಇದೆ. ಆ ನಿಯಮದ ಉಳಿದರ್ಧ ಏನೆಂದರೆ, ಆ ಜಾಯಿಂಟಿನಲ್ಲಿ ಹೊರಗಿನ ಭಾರವಾಗಲಿ, ಆಧಾರದ ಪ್ರತಿಕ್ರಿಯೆಯಾಗಲಿ ಇರಬಾರದು. C ಯಲ್ಲಿ 36 ತೂಗುತ್ತಿದೆ, CF ಅದಷ್ಟನ್ನೂ ಹೊರುತ್ತದೆ. ಸೊನ್ನೆ ಮೆಂಬರು ಗುರುತಿಸುವ ಮುನ್ನ ಜಾಯಿಂಟಿನ ಮೇಲೆ ಭಾರದ ಬಾಣ ಇದೆಯೇ ಎಂದು ಬೆರಳಿಟ್ಟು ನೋಡಿ.

F ಜಾಯಿಂಟಿನಲ್ಲಿ ಗೊತ್ತಿಲ್ಲದ್ದು FD ಒಂದೇ. ಸಮೀಕರಣಗಳು ಎರಡಿವೆ. ಒಂದರಿಂದ FD ಕಂಡುಕೊಳ್ಳಿ, ಇನ್ನೊಂದು ಪರೀಕ್ಷೆಗೆ.

ಅಡ್ಡ: −EF − (4/5) BF + (4/5) FD = 0, ಅಂದರೆ 32 + 8 + (4/5) FD = 0, ಆದ್ದರಿಂದ FD = −50

ಲಂಬ: −(3/5) BF − CF − (3/5) FD = 6 − 36 + 30 = 0

ಸರಿಯಾಯಿತು. D ಯಲ್ಲಿ ಗೊತ್ತಿಲ್ಲದ್ದು ಏನೂ ಉಳಿದಿಲ್ಲ, ಎರಡೂ ಸಮೀಕರಣ ಪರೀಕ್ಷೆಯೇ. ಅಡ್ಡದಲ್ಲಿ −40 + 40, ಲಂಬದಲ್ಲಿ 30 − 30. ಒಟ್ಟು ಮೂರು ಪರೀಕ್ಷೆಗಳು ಸಿಕ್ಕವು. ಹನ್ನೆರಡು ಸಮೀಕರಣಗಳಲ್ಲಿ ಈ ಮೂರು ಮಿಕ್ಕಿದ್ದು ಆಕಸ್ಮಿಕವಲ್ಲ. ಮೂರು ಪ್ರತಿಕ್ರಿಯೆಗಳನ್ನು ನಾವು ಮೊದಲೇ ಇಡೀ ಟ್ರಸ್ಸಿನಿಂದ ತೆಗೆದುಕೊಂಡಿದ್ದೆವಲ್ಲ, ಆ ಲೆಕ್ಕದ ಬಾಕಿ ಇದು. ಕೊನೆಯ ಮೆಂಬರಿನ ಬಲ ಸಿಕ್ಕ ಕೂಡಲೇ ಪೆನ್ನು ಕೆಳಗಿಡುವವರು ಈ ಮೂರನ್ನೂ ಬಳಸದೆ ಬಿಡುತ್ತಾರೆ.

ಈಗ E ಯಲ್ಲಿ ಬಿಟ್ಟುಬಂದ ತಪ್ಪನ್ನು ಹಿಂಬಾಲಿಸೋಣ. EF = +32, BE = −24 ಎಂದೇ ಮುಂದುವರಿದರೆ B ಯಲ್ಲಿ BF = +70, BC = −24 ಬರುತ್ತದೆ. ಇಲ್ಲೇ ಅನುಮಾನ ಬರಬೇಕು. ಎರಡು ತುದಿಯಲ್ಲಿ ಆಧಾರ, ಕೆಳಮುಖ ಭಾರ ಇರುವ ಟ್ರಸ್ ತೊಲೆಯ ಹಾಗೆ ಕೆಳಕ್ಕೆ ಬಾಗುತ್ತದೆ. ಕೆಳಸಾಲು ಹಿಗ್ಗುತ್ತದೆ, ಮೇಲಿನ ಸಾಲು ಕುಗ್ಗುತ್ತದೆ. ಕೆಳಗಿನ BC ಒತ್ತಿನಲ್ಲಿ, ಮೇಲಿನ EF ಎಳೆತದಲ್ಲಿ ಎಂದರೆ ಎರಡೂ ತಲೆಕೆಳಗು. ಅದನ್ನು ಗಮನಿಸದೆ ಹೋದರೂ C ಯಲ್ಲಿ ಏನೂ ತೊಂದರೆ ಕಾಣಿಸುವುದಿಲ್ಲ. F ಗೆ ಬಂದಾಗ ಅಡ್ಡ ಸಮೀಕರಣದಿಂದ FD = +110, ಅದನ್ನು ಲಂಬದಲ್ಲಿ ಹಾಕಿದರೆ −42 − 36 − 66, ಅಂದರೆ −144. ಸೊನ್ನೆಯಾಗಬೇಕಾದ ಕಡೆ 144. ದುಂಡಾಗಿಸಿದ್ದರಿಂದ ಬರುವ ಮಿಕ್ಕುಳಿಕೆ ಈ ಲೆಕ್ಕದಲ್ಲಿ ದಶಾಂಶದ ಆಚೆ ಎಲ್ಲೋ ಇರುತ್ತದೆ. ಮಿಕ್ಕಿದ್ದು ಭಾರಗಳಷ್ಟೇ ದೊಡ್ಡದಾಗಿದ್ದರೆ ಅದು ಚಿಹ್ನೆಯ ತಪ್ಪು, ಅಥವಾ ಬಿಟ್ಟುಹೋದ ಬಲ. ಪ್ರತಿಕ್ರಿಯೆ ಅದಲುಬದಲಾದರೂ ಇಲ್ಲೇ ಸಿಕ್ಕಿಬೀಳುತ್ತದೆ: Ay = 30 ಎಂದು ಹೊರಟು ನೋಡಿ, F ನ ಲಂಬ ಸಮೀಕರಣದಲ್ಲಿ 18 ಮಿಗುತ್ತದೆ.

ಪರೀಕ್ಷೆಗೆ ಸಿಗದ ತಪ್ಪು ಒಂದಿದೆ, ಅದನ್ನು ಹೇಳಲೇಬೇಕು. ಎಲ್ಲ ಬಾಣಗಳನ್ನೂ ಜಾಯಿಂಟಿನ ಒಳಕ್ಕೆ ಬರೆದು, ಕೊನೆಯಲ್ಲಿ ಧನ ಎಂದರೆ ಎಳೆತ ಎಂದು ಬರೆದರೆ ಎಲ್ಲ ಜಾಯಿಂಟುಗಳೂ ಸರಿಯಾಗಿ ಸಮತೋಲ ತೋರಿಸುತ್ತವೆ, ಉತ್ತರಗಳೆಲ್ಲ ತಿರುವುಮುರುವು. ಇದನ್ನು ಹಿಡಿಯಲು ಮೇಲಿನ ಸಾಲು, ಕೆಳಸಾಲು ನೋಡುವ ಆ ಒಂದು ನೋಟವೇ ಬೇಕು. ಹಾಗೆಯೇ ಭಾರವನ್ನು ಪ್ರಶ್ನೆಪತ್ರಿಕೆಯಿಂದ ತಪ್ಪಾಗಿ ಓದಿ ಎಲ್ಲ ಕಡೆ ಅದನ್ನೇ ಬಳಸಿದರೂ ಪರೀಕ್ಷೆ ಸುಮ್ಮನಿರುತ್ತದೆ.

ಸ್ವತಂತ್ರವಾದ ಇನ್ನೊಂದು ಪರೀಕ್ಷೆ ಬೇಕಾದರೆ ನಡುವಿನ ಚೌಕವನ್ನು ಅಡ್ಡ ಕತ್ತರಿಸಿ, ಎಡಭಾಗವನ್ನು ಇಟ್ಟುಕೊಂಡು F ನ ಸುತ್ತ ಮೊಮೆಂಟ್ ತೆಗೆಯಿರಿ. EF ಮತ್ತು BF ಎರಡೂ F ಮೂಲಕ ಹಾಯುತ್ತವೆ, ಉಳಿಯುವುದು BC ಮಾತ್ರ.

BC × 3 = 24 × 8 − 18 × 4 = 120, ಆದ್ದರಿಂದ BC = 40

ಜಾಯಿಂಟುಗಳ ದಾರಿಯಲ್ಲಿ ಮೂರನೆಯ ಹೆಜ್ಜೆಗೆ ಬಂದ ಉತ್ತರ ಇಲ್ಲಿ ಒಂದೇ ಸಾಲಿನಲ್ಲಿ ಬಂತು. ಪ್ರಶ್ನೆಯಲ್ಲಿ ಒಂದೆರಡು ಮೆಂಬರು ಮಾತ್ರ ಕೇಳಿದ್ದರೆ ಕತ್ತರಿಸುವುದೇ ಜಾಣತನ. ಎಲ್ಲವನ್ನೂ ಕೇಳಿದ್ದರೆ ಜಾಯಿಂಟಿನ ವಿಧಾನ ಮಾಡಿ, ನಡುವಿನ ಒಂದು ಮೆಂಬರಿಗೆ ಮಾತ್ರ ಈ ಪರೀಕ್ಷೆ ಹಾಕಿ. ಜಾಯಿಂಟು ದಾಟಿ ಬರುವ ತಪ್ಪು ಇದಕ್ಕೆ ಸೋಂಕುವುದಿಲ್ಲ, ಏಕೆಂದರೆ ಇದಕ್ಕೆ ಬೇಕಾದದ್ದು ಪ್ರತಿಕ್ರಿಯೆ ಮತ್ತು ಭಾರ ಮಾತ್ರ.

ಭಾರ ಜಾಯಿಂಟಿನ ಮೇಲಲ್ಲದೆ ಮೆಂಬರಿನ ನಡುವೆ ಬಂದರೆ ಏನು ಮಾಡುವುದು ಎಂದು ಕೇಳುತ್ತೀರಿ. ಇಷ್ಟೂ ಲೆಕ್ಕ ನಿಂತಿರುವುದು ಮೆಂಬರಿಗೆ ಬಲ ಎರಡು ತುದಿಗಳಲ್ಲಿ ಮಾತ್ರ ಬರುತ್ತದೆ ಎಂಬ ಊಹೆಯ ಮೇಲೆ; ಆಗ ಮಾತ್ರ ಬಲ ಮೆಂಬರಿನ ಗೆರೆಯಲ್ಲೇ ಇರುತ್ತದೆ. ನಡುವೆ ಭಾರವಿದ್ದರೆ ಅದನ್ನು ಆ ಮೆಂಬರಿನ ಎರಡು ಜಾಯಿಂಟುಗಳಿಗೆ ಹಂಚಿ ಟ್ರಸ್ ಲೆಕ್ಕ ಮುಂದುವರಿಸಬಹುದು, ಆದರೆ ಆ ಮೆಂಬರು ಬಾಗುವ ಲೆಕ್ಕವನ್ನು ಬೇರೆಯಾಗಿ ಮಾಡಬೇಕು. ಮೆಂಬರಿನ ಸ್ವಂತ ತೂಕ ಕೊಟ್ಟಿದ್ದರೂ ಹೀಗೆಯೇ, ಅರ್ಧರ್ಧ ಎರಡು ತುದಿಗೆ.

ಉತ್ತರ ಬರೆಯುವ ಬಗೆ. ಕೊನೆಯಲ್ಲಿ ಒಂದು ಪಟ್ಟಿ ಮಾಡಿ: ಮೆಂಬರಿನ ಹೆಸರು, ಬಲದ ಪ್ರಮಾಣ, ಎಳೆತವೋ ಒತ್ತೋ. AE 40 ಒತ್ತು, AB 32 ಎಳೆತ, EF 32 ಒತ್ತು, BE 24 ಎಳೆತ, BF 10 ಒತ್ತು, BC ಮತ್ತು CD 40 ಎಳೆತ, CF 36 ಎಳೆತ, FD 50 ಒತ್ತು, ಎಲ್ಲವೂ ಕಿಲೋನ್ಯೂಟನ್. ಪಟ್ಟಿಯಲ್ಲಿ −40 ಒತ್ತು ಎಂದು ಬರೆಯಬೇಡಿ. ಋಣ ಚಿಹ್ನೆಯೇ ಒತ್ತು ಎನ್ನುತ್ತಿರುವಾಗ ಪಕ್ಕದಲ್ಲಿ ಮತ್ತೆ ಒತ್ತು ಎಂದರೆ, ಋಣ ಒತ್ತು ಎಂದರೆ ಎಳೆತವೇ ಎಂದು ತಿದ್ದುವವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಲೆಕ್ಕದ ಒಳಗೆ ಚಿಹ್ನೆ ಇರಲಿ, ಪಟ್ಟಿಯಲ್ಲಿ ಮಾತು ಇರಲಿ.